ಎಪ್ಪತ್ತರ ಗೆರೆಯ ಎರಡು ಬದಿಗೆ ಇಬ್ಬರು

“ಸರ್, ನಾನು ಲೆಕ್ಕ ಹಾಕಿದ್ರೆ 70 ಬರುತ್ತೆ, ಪಟ್ಟಿಯಲ್ಲಿ 69 ಅಂತಿದೆ. ಒಂದು ಅಂಕ ಎಲ್ಲಿ ಹೋಯ್ತು?”

ದಾವಣಗೆರೆಯಲ್ಲಿ ಪದವಿ ತರಗತಿಗಳಿಗೆ ಪಾಠ ಹೇಳುವ ನನಗೆ ಪ್ರತಿ ಸೆಮಿಸ್ಟರ್‌ನ ಕೊನೆಗೆ ಯಾರಾದರೊಬ್ಬರು ಮೊಬೈಲಿನ ಕ್ಯಾಲ್ಕುಲೇಟರ್ ತೋರಿಸುತ್ತಾ ಹೀಗೆ ಕೇಳುತ್ತಾರೆ. ಅಂಕ ಕಳೆದುಹೋಗುವುದು ಕೂಡುವಾಗ ಅಲ್ಲ, ಅದಕ್ಕಿಂತ ಒಂದು ಹೆಜ್ಜೆ ಮುಂಚೆ.

ಟೆಸ್ಟನ್ನು 30ಕ್ಕೆ ಬರೆಸಿ 20ಕ್ಕೆ ಇಳಿಸುತ್ತೇವೆ, ಅಸೈನ್‌ಮೆಂಟನ್ನು 25ರಿಂದ 20ಕ್ಕೆ, ಕೊನೆಯ ಪರೀಕ್ಷೆಯನ್ನು 80ರಿಂದ 60ಕ್ಕೆ ಇಳಿಸುತ್ತೇವೆ ಎಂದಿಟ್ಟುಕೊಳ್ಳಿ. 70 ಮುಟ್ಟಿದರೆ ‘ಎ’, ಅದಕ್ಕಿಂತ ಕೆಳಗೆ ‘ಬಿ ಪ್ಲಸ್’. ಒಬ್ಬ ಹುಡುಗಿ ಕ್ರಮವಾಗಿ 20, 19, 55 ಪಡೆದಿದ್ದಾಳೆ. ಇಳಿಸಿದಾಗ ಅವು 13.33, 15.2, 41.25 ಆಗುತ್ತವೆ. ಹಾಗೆಯೇ ಕೂಡಿದರೆ 69.78, ಕೊನೆಯಲ್ಲಿ ರೌಂಡ್ ಮಾಡಿದರೆ 70. ಆದರೆ ಪ್ರತಿಯೊಂದನ್ನೂ ಮೊದಲೇ ರೌಂಡ್ ಮಾಡಿದರೆ 13, 15, 41, ಒಟ್ಟು 69.

ಪಕ್ಕದ ಬೆಂಚಿನ ಹುಡುಗನಿಗೆ 19, 17, 57 ಬಂದಿವೆ. ಇಳಿಸಿದರೆ 12.67, 13.6, 42.75, ನಿಜವಾದ ಮೊತ್ತ 69.02, ಅಂದರೆ 69. ಮೊದಲೇ ರೌಂಡ್ ಮಾಡಿದರೆ 13, 14, 43 ಸೇರಿ 70. ಹುಡುಗಿಗಿಂತ ಮುಕ್ಕಾಲು ಅಂಕ ಕಡಿಮೆ ಪಡೆದವನಿಗೆ ‘ಎ’, ಅವಳಿಗೆ ‘ಬಿ ಪ್ಲಸ್’. ಒಂದು ಅಂಕ ಕಡಿಮೆಯಾದದ್ದನ್ನಾದರೂ ಸಹಿಸಬಹುದು, ಹೀಗೆ ಹಿಂದಿನವರು ಮುಂದೆ ಬರುವುದನ್ನು ನಾನು ಒಪ್ಪಲಾರೆ.

ಒಂದು ಸಲ ರೌಂಡ್ ಮಾಡಿದರೆ ಹೆಚ್ಚೆಂದರೆ ಅರ್ಧ ಅಂಕ ಆಚೀಚೆಯಾಗುತ್ತದೆ. ಮೂರು ಸಲ ಮಾಡಿದರೆ, ಮೂರೂ ಒಂದೇ ಕಡೆಗೆ ವಾಲಿದಾಗ, ಒಂದೂವರೆಯವರೆಗೂ ಹೋಗಬಹುದು. ಸಾಮಾನ್ಯವಾಗಿ ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಸರಿದು ಪರಸ್ಪರ ಸರಿದೂಗುತ್ತವೆ. ಹುಡುಗಿಯ ಮೂರೂ ಅಂಕಗಳು ಕೆಳಕ್ಕೆ, ಹುಡುಗನ ಮೂರೂ ಮೇಲಕ್ಕೆ ಸರಿದಿದ್ದರಿಂದ ಇಲ್ಲಿ ಹಾಗಾಗಲಿಲ್ಲ. ಹಾಗೆಂದು ಎಲ್ಲರೂ ಗಾಬರಿಯಾಗಬೇಕಿಲ್ಲ: ಮೂರು ಭಾಗಗಳಿರುವಾಗ ಈ ಗೆರೆಯ ಬಳಿ ಗ್ರೇಡ್ ಬದಲಾಗುವುದು ನಿಜವಾದ ಮೊತ್ತ 68.5ರಿಂದ 70.5ರ ನಡುವೆ ಇರುವವರಿಗೆ ಮಾತ್ರ. 66 ಬಂದವರು ಹೇಗೆ ಕೂಡಿದರೂ ‘ಬಿ ಪ್ಲಸ್’ನಲ್ಲೇ ಇರುತ್ತಾರೆ.

ಯಾವ ರೀತಿ ಲೆಕ್ಕ ಹಾಕಿದ್ದಾರೆಂದು ಕಂಪ್ಯೂಟರಿನಲ್ಲಿರುವ ಅಂಕಪಟ್ಟಿಯ ಹಾಳೆಯಲ್ಲಿ ಮೊತ್ತದ ಕೋಶವನ್ನು ಒತ್ತಿದರೆ ತಿಳಿಯುತ್ತದೆ. ಇಳಿಸಿದ ಮೂರು ಅಂಕಗಳು B2, C2, D2 ಕೋಶಗಳಲ್ಲಿದ್ದರೆ ಸೂತ್ರ ಈ ಎರಡರಲ್ಲಿ ಒಂದಾಗಿರುತ್ತದೆ:

```
=ROUND(B2,0)+ROUND(C2,0)+ROUND(D2,0)
=ROUND(B2+C2+D2,0)
```

ಮೊದಲನೆಯದು ಹುಡುಗಿಗೆ 69 ಕೊಡುತ್ತದೆ, ಎರಡನೆಯದು 70. ನಾನೂ ಮೊದಮೊದಲು ಅಂಕಗಳು ನೋಡಲು ಚೊಕ್ಕಟವಾಗಿರಲಿ ಎಂದು ಮೊದಲನೆಯದನ್ನೇ ಬರೆಯುತ್ತಿದ್ದೆ. ಎರಡನೆಯದಕ್ಕೆ ಬದಲಾಯಿಸಿದ ಮೇಲೆ ಬೇರೆ ಫಜೀತಿ ಶುರುವಾಯಿತು: ದಶಮಾಂಶ ಕಾಣದಂತೆ ಕೋಶಗಳನ್ನು ಹೊಂದಿಸಿದ್ದರಿಂದ ಪರದೆಯ ಮೇಲೆ 13, 15, 41 ಎಂದಿದ್ದು ಪಕ್ಕದಲ್ಲಿ 70 ಎಂದಿತ್ತು, ‘ಸರ್‌ಗೆ ಕೂಡೋಕೂ ಬರಲ್ಲ’ ಎಂಬ ಮಾತು ಕಾರಿಡಾರಿನಲ್ಲಿ ಹರಿದಾಡಿತು. ಅಂದಿನಿಂದ ಭಾಗಗಳ ಮೂರೂ ಕಾಲಂಗಳನ್ನು ಎರಡು ದಶಮಾಂಶ ಸ್ಥಾನಗಳೊಂದಿಗೇ ಸೂಚನಾಫಲಕಕ್ಕೆ ಅಂಟಿಸುತ್ತೇನೆ.