ಅಮ್ಮನ ತಲೆ ಮೇಲಿನ ಕಂಬ

‘ಅಣ್ಣಾ, ಕಂಬ ತೆಗೀರಿ. ಆದ್ರೆ ಅಮ್ಮನ ಕೂದ್ಲು ಮಾತ್ರ ಮುಟ್ಬೇಡ್ರಿ.’

ಸೋಮವಾರ ನಮ್ಮ ಸ್ಟುಡಿಯೋಗೆ ಬಂದ ಹೆಣ್ಣುಮಗಳು ಹೇಳಿದ ಮಾತು ಇದು. ವಾರವಿಡೀ ಕಿವಿಯಲ್ಲೇ ಇದೆ.

ಕುಂದುವಾಡ ಕೆರೆ ಏರಿ ಮೇಲೆ ಮೊಬೈಲಿನಲ್ಲಿ ತೆಗೆದ ಫೋಟೋ. ಸಂಜೆ ಬಿಸಿಲು, ಅಮ್ಮ ನಗುತ್ತಾ ನಿಂತಿದ್ದಾರೆ. ಬಿಳಿ ಕೂದಲು ಗಾಳಿಗೆ ಎದ್ದಿದೆ. ನೆತ್ತಿಯ ನಡುವಿನಿಂದಲೇ ಬೀದಿ ದೀಪದ ಕಂಬ ಮೇಲಕ್ಕೆ ಹೋಗಿದೆ. ಅಮ್ಮ ಈಗಿಲ್ಲ. ಶುಕ್ರವಾರ ಅವರ ಶಿವಗಣಾರಾಧನೆ, ಅಷ್ಟರೊಳಗೆ ಫ್ರೇಮ್ ಬೇಕು. ಅಮ್ಮ ನಗುತ್ತಿರುವ ಫೋಟೋ ಇದೊಂದೇ ಅಂತೆ.

ಜೊತೆಗೆ ಬಂದಿದ್ದ ಅಣ್ಣ, ‘ಸುಮ್ನೆ ಹಿಂದೆ ನೀಲಿ ಹಾಕ್ಬಿಡ್ರಿ, ಎಲ್ರೂ ಅದನ್ನೇ ಹಾಕ್ತಾರೆ’ ಅಂದರು. ಅವರ ಅವಸರ ಅರ್ಥವಾಗುತ್ತೆ. ಆದರೂ ನನಗೆ ಬೇಜಾರಾಯಿತು. ಅವರು ಆ ಫೋಟೋವನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ತಂಗಿ ಮಾತ್ರ, ‘ನಾನೇ ತೆಗೆದದ್ದು, ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ರೆ ಸಾಕಿತ್ತು’ ಅಂತ ಕಣ್ಣು ಒರೆಸಿಕೊಂಡರು. ಅದು ಅವರ ತಪ್ಪಲ್ಲ. ಎದುರಿಗೆ ನಿಂತಾಗ ಕಂಬ ಹತ್ತಡಿ ಹಿಂದಿದೆ ಅಂತ ಎರಡು ಕಣ್ಣಿಗೂ ಗೊತ್ತಾಗುತ್ತೆ, ಮನಸ್ಸು ಅದನ್ನು ಬಿಟ್ಟು ಮುಖವನ್ನಷ್ಟೇ ನೋಡುತ್ತೆ. ಫೋಟೋದಲ್ಲಿ ಆ ಹತ್ತಡಿ ಇರುವುದಿಲ್ಲ. ಮೊಬೈಲ್ ಬೇರೆ, ಮುಖ, ಕಂಬ ಎರಡನ್ನೂ ಅಷ್ಟೇ ಚೂಪಾಗಿ ತೋರಿಸುತ್ತೆ.

ಮೊದಲು ನಮ್ಮ ಹುಡುಗ ಕಂಪ್ಯೂಟರ್ ಮುಂದೆ ಕೂತ. ಹೀಲಿಂಗ್ ಬ್ರಷ್ ತಗೊಂಡು ಮೇಲಿನಿಂದ ನೆತ್ತಿವರೆಗೂ ಎಳೆದ. ಮೇಲೆ ಆಕಾಶದಲ್ಲಿ ಚೆನ್ನಾಗೇ ಬಂತು. ತಲೆ ಹತ್ತಿರ ಬಂದಾಗ ಬೂದು ಬಣ್ಣದ ಹೊಗೆ ಎದ್ದ ಹಾಗಾಯಿತು. ಆ ಬ್ರಷ್ಷಿನ ಗುಣವೇ ಅದು, ಸುತ್ತಲಿನ ಬಣ್ಣಕ್ಕೆ ಹೊಂದಿಸುತ್ತೆ. ಪಕ್ಕದಲ್ಲಿ ಕೂದಲು, ಹಣೆ ಇದ್ದರೆ ಅವುಗಳ ಬಣ್ಣವನ್ನೂ ಎಳೆದು ತರುತ್ತೆ. ಅಂಚು ಇರುವ ಕಡೆ ಅದು ಬೇಡ.

ಆಮೇಲೆ ನಾನೇ ಕೂತೆ. ಹೊಸ ಲೇಯರ್, ಒಂದು ಕಡೆ ಇರುವುದನ್ನು ಹಾಗೇ ಇನ್ನೊಂದು ಕಡೆಗೆ ನಕಲು ಮಾಡುವ ಕ್ಲೋನ್ ಸ್ಟಾಂಪ್. ಸಂಜೆ ಆಕಾಶ ಒಂದೇ ಬಣ್ಣ ಅಂತ ಅನಿಸುತ್ತೆ, ಆದರೆ ಕೆಳಗೆ ಬೆಳ್ಳಗೆ, ಮೇಲೆ ಹೋದಂತೆ ಗಾಢ. ಅದಕ್ಕೆ ಕಂಬದ ಪ್ರತಿ ತುಂಡಿಗೂ ಅದೇ ಎತ್ತರದಲ್ಲಿರುವ ಆಕಾಶವನ್ನೇ ಪಕ್ಕದಿಂದ ತರಬೇಕು. ಎಡಗಡೆ ಬಿಸಿಲಿನ ಕಡೆ, ಸ್ವಲ್ಪ ಜಾಸ್ತಿ ಬೆಳಕು. ಹಾಗಾಗಿ ಎಡ ಅರ್ಧಕ್ಕೆ ಎಡದಿಂದ, ಬಲ ಅರ್ಧಕ್ಕೆ ಬಲದಿಂದ ತಂದೆ. ಮುಗಿದ ಮೇಲೆ ತಾತ್ಕಾಲಿಕವಾಗಿ ಒಂದು ಕರ್ವ್ಸ್ ಲೇಯರ್ ಹಾಕಿ ಕಾಂಟ್ರಾಸ್ಟ್ ಜೋರು ಮಾಡಿದೆ. ಬರಿಗಣ್ಣಿಗೆ ಕಾಣದ ತೇಪೆ ಆಗ ಎದ್ದು ಕಾಣುತ್ತೆ. ಎರಡು ಕಂಡವು, ಸರಿ ಮಾಡಿ ಆ ಲೇಯರ್ ತೆಗೆದೆ.

ಉಳಿದದ್ದು ನೆತ್ತಿ. ‘ಕೂದ್ಲು ಮುಟ್ಬೇಡ್ರಿ.’

ಮುನ್ನೂರು ಪರ್ಸೆಂಟ್ ಝೂಮ್ ಮಾಡಿ ನೋಡಿದೆ. ಕಂಬದ ಮುಂದೆ ಹನ್ನೊಂದು ಎಳೆ ಹಾರುತ್ತಿದ್ದವು. ಹಿಂದೆ ಕಪ್ಪು ಕಂಬ ಇರುವ ಕಡೆ ಅವು ಬೆಳ್ಳಿ ತಂತಿಯ ಹಾಗೆ ಹೊಳೆಯುತ್ತಿವೆ. ಅದೇ ಎಳೆ ಕಂಬ ದಾಟಿ ಆಕಾಶಕ್ಕೆ ಬಂದ ತಕ್ಷಣ ಬೂದು ಬಣ್ಣ, ಯಾಕಂದ್ರೆ ಆಕಾಶ ಅದಕ್ಕಿಂತ ಬೆಳ್ಳಗಿದೆ. ಅಂದ್ರೆ ಎಳೆಗಳನ್ನು ಹಾಗೇ ಉಳಿಸಿ ಹಿಂದೆ ಆಕಾಶ ತುಂಬಿದರೆ, ಪ್ರತಿ ಎಳೆಗೂ ಕಪ್ಪು ಅಂಚು ಉಳಿಯುತ್ತೆ, ನಡುವೆ ಮಾತ್ರ ಬೆಳಗುತ್ತೆ. ಕಂಬ ಹೋದರೂ ಅದರ ಗುರುತು ಹೋಗುವುದಿಲ್ಲ. ಮುಟ್ಟದೆ ದಾರಿಯೇ ಇರಲಿಲ್ಲ.

ಕಂಬದ ಅಗಲದಷ್ಟು ಎಳೆಗಳನ್ನು ಅಳಿಸಿ ಆಕಾಶ ತುಂಬಿದೆ. ಬೇರೆ ಲೇಯರ್ ಮೇಲೆ, ಎರಡು ಪಿಕ್ಸೆಲ್ ಬ್ರಷ್ಷಿನಲ್ಲಿ, ಪಕ್ಕದ ಎಳೆಯ ಬೂದು ಬಣ್ಣವನ್ನೇ ಎತ್ತಿಕೊಂಡು ಒಂದೊಂದಾಗಿ ಬರೆದೆ. ಬುಡದಲ್ಲಿ ದಪ್ಪ, ತುದಿಯಲ್ಲಿ ತೆಳು. ಎಲ್ಲಿಂದ ಎಲ್ಲಿಗೆ ಹೋಗಿತ್ತು ಅನ್ನೋದನ್ನು ಮೂಲ ಫೋಟೋ ಪಕ್ಕದಲ್ಲಿಟ್ಟುಕೊಂಡು ನೋಡಿದೆ. ಹನ್ನೊಂದು ಎಳೆಗೆ ಒಂದೂವರೆ ಗಂಟೆ ಹಿಡಿಯಿತು.

ಹೇಳಬೇಕಾ, ಬೇಡವಾ ಅಂತ ರಾತ್ರಿಯೆಲ್ಲಾ ಯೋಚನೆ. ಹೇಳದಿದ್ದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ದಿನಾ ದೀಪ ಹಚ್ಚಿ ನೋಡುವ ಫೋಟೋ ಅದು. ಅದರಲ್ಲಿ ನನ್ನ ಕೈಯಿಂದ ಬಂದದ್ದು ಯಾವುದು ಅಂತ ಅವರಿಗೆ ತಿಳಿದಿರಬೇಕು ಅನಿಸಿತು. ಎಷ್ಟೋ ಮನೆಗಳ ಗೋಡೆ ಮೇಲಿನ ಹಿರಿಯರಿಗೆ ನಾನು ಕೋಟು ತೊಡಿಸಿದ್ದೇನೆ, ಶಾಲು ಹೊದಿಸಿದ್ದೇನೆ, ಸುಕ್ಕು ಅಳಿಸಿದ್ದೇನೆ. ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಆ ಮನೆಯ ಮೊಮ್ಮಕ್ಕಳು ಅಜ್ಜಿಯ ಮುಖ ಹೀಗೇ ಇತ್ತು ಅಂತಲೇ ಬೆಳೆದಿರುತ್ತಾರೆ, ಅಲ್ವಾ? ಇದನ್ನು ಮೊದಲೇ ಯೋಚಿಸಬೇಕಿತ್ತು.

ಗುರುವಾರ ಬಂದರು. ‘ಅಕ್ಕಾ, ಕೂದಲು ಮುಟ್ಟಬೇಕಾಯ್ತು’ ಅಂದೆ. ಯಾವ ಎಳೆ, ಯಾಕೆ ಅಂತ ಎಲ್ಲಾ ತೋರಿಸಿದೆ. ಅವರು ಸ್ಕ್ರೀನಿಗೆ ಹತ್ತಿರ ಬಗ್ಗಿ ತುಂಬಾ ಹೊತ್ತು ನೋಡಿದರು.

‘ಇದೊಂದು ಜಾಸ್ತಿ ನೇರ ಆಯ್ತು ಅಣ್ಣಾ. ಅಮ್ಮಂದು ತುದೀಲಿ ಸುರುಳಿ ಇರ್ತಿತ್ತು.’

ಅವರ ಎದುರಿಗೇ ಅಳಿಸಿದೆ. ಮತ್ತೆ ಬರೆದೆ. ತುದಿಯನ್ನು ಇನ್ನೂ ಸ್ವಲ್ಪ ಒಳಗೆ ಅಂದರು. ಒಳಗೆ ತಿರುಗಿಸಿದೆ.

‘ಹಾಂ, ಹಿಂಗೇ’ ಅಂದರು. ಆಮೇಲೆ ಪ್ರಿಂಟ್ ಕೊಟ್ಟೆ.