ಬಚ್ಚಲಿನಿಂದ ಯುಟಿಲಿಟಿಗೆ: ಗ್ಯಾಸ್ ಗೀಸರ್ ಸ್ಥಳಾಂತರ, ಈವರೆಗಿನ ಕೆಲಸ

ದಿನ 1: ಅಳತೆ

ಬಚ್ಚಲು 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರ. ಒಳಗೆ ಹಿಡಿಯುವ ಗಾಳಿ ಸುಮಾರು 8 ಘನ ಮೀಟರ್. ಗೀಸರ್ ನಿಮಿಷಕ್ಕೆ 6 ಲೀಟರ್‌ನದು, ಪೂರ್ತಿ ಉರಿಗೆ ಗಂಟೆಗೆ ಹೆಚ್ಚೂಕಡಿಮೆ 900 ಗ್ರಾಂ ಗ್ಯಾಸ್ ಬೇಕು. ಹತ್ತು ನಿಮಿಷದ ಸ್ನಾನಕ್ಕೆ 150 ಗ್ರಾಂ ಆಯಿತು. ಅಷ್ಟನ್ನು ಸುಡಲು ಸುಮಾರು 2 ಘನ ಮೀಟರ್ ಗಾಳಿ ಬೇಕು. ಅಂದರೆ, ಬಾಗಿಲು ಕಿಟಕಿ ಮುಚ್ಚಿದ್ದರೆ ಬಚ್ಚಲಿನ ಆಮ್ಲಜನಕದಲ್ಲಿ ಕಾಲು ಭಾಗ ಒಂದೇ ಸ್ನಾನಕ್ಕೆ ಖಾಲಿ. ಅಷ್ಟು ಇಳಿಯುವ ಮೊದಲೇ ಉರಿ ಹದಗೆಟ್ಟು ಕಾರ್ಬನ್ ಮೊನಾಕ್ಸೈಡ್ ಬಿಡತೊಡಗುತ್ತದೆ. ಗ್ಯಾಸಿಗೆ ಬೆರೆಸಿದ ವಾಸನೆ ಉರಿಯಲ್ಲೇ ಸುಟ್ಟುಹೋಗುವುದರಿಂದ ಮೂಗಿಗೆ ಏನೂ ತಿಳಿಯುವುದಿಲ್ಲ. ತಲೆ ಭಾರವಾಗಿ ಕಾಲು ಸೋಲುವ ಹೊತ್ತಿಗೆ ಚಿಲಕ ತೆಗೆಯುವ ಶಕ್ತಿಯೂ ಉಳಿದಿರದು.

ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಲದೇ? ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಅದು ಹೆಸರಿಗಷ್ಟೇ ತಿರುಗುತ್ತದೆ. ಹೊಗೆಕೊಳವೆಯ ಗೀಸರ್ ಇದ್ದಲ್ಲಂತೂ ಹೊರಹೋಗಬೇಕಾದ ಹೊಗೆಯನ್ನೇ ಒಳಗೆಳೆಯಬಹುದು. ಆದ್ದರಿಂದ ಸ್ಥಳಾಂತರವೇ ಸರಿ ಎಂದು ತೀರ್ಮಾನ.

ದಿನ 2: ಬಿಚ್ಚಿದ್ದು

ತಾಮ್ರದ ರೆಕ್ಕೆಗಳ ನಡುವೆ ಕಪ್ಪು ಮಸಿ ಮೆತ್ತಿಕೊಂಡಿತ್ತು, ಬರ್ನರಿನ ಸೀಳುಗಳಲ್ಲಿ ಧೂಳಿನ ಎಳೆ. ಮಸಿ ಕಟ್ಟಿದಷ್ಟೂ ಹೊಗೆ ಮೇಲೇರುವುದಿಲ್ಲ, ಉರಿ ಹಳದಿಯಾಗಿ ಇನ್ನಷ್ಟು ಮಸಿ ಕೂರುತ್ತದೆ. ಮೃದು ಬ್ರಷ್ಷಿನಿಂದ ಸ್ವಚ್ಛ ಮಾಡಿ ಹೊರಗೆ ಹಚ್ಚಿ ನೋಡಿದ ಮೇಲೆ ಉರಿ ನೀಲಿಗೆ ಮರಳಿತು.

ದಿನ 3: ಕೂರಿಸಿದ್ದು

ಒಂದು ಬದಿ ಪೂರ್ತಿ ತೆರೆದ ಯುಟಿಲಿಟಿಯ ಗೋಡೆ, ಮಳೆ ಎರಚದ ಮೂಲೆ, ಬಚ್ಚಲಿನ ವೆಂಟಿಲೇಟರಿನಿಂದ ದೂರ. ಬಟ್ಟೆ ಒಣಗಿಸುವ ಹಗ್ಗವನ್ನೂ ಕಿತ್ತಾಯಿತು. ಗ್ಯಾಸಿಗೆ ಐಎಸ್‌ಐ ಗುರುತಿನ, ಒಳಗೆ ತಂತಿ ಹೆಣೆದ ಹೊಸ ಟ್ಯೂಬ್. ಬಿಸಿನೀರಿಗೆ ಅರ್ಧ ಇಂಚಿನ ಸಿಪಿವಿಸಿ ಪೈಪು, 6 ಮೀಟರ್. ಅದರಲ್ಲಿ ನಿಲ್ಲುವ ನೀರು ಮುಕ್ಕಾಲು ಲೀಟರ್, ಹಾಗಾಗಿ ಬಿಸಿನೀರು ಏಳೆಂಟು ಸೆಕೆಂಡು ತಡವಾಗಿ ಬರುತ್ತದೆ. ಇಷ್ಟು ಸಣ್ಣ ಕಿರಿಕಿರಿಗೆ ಅಂಜಿಯೇ ಎಷ್ಟೋ ಮನೆಗಳಲ್ಲಿ ಗೀಸರನ್ನು ಬಚ್ಚಲೊಳಗೇ ಬಿಟ್ಟಿರುತ್ತಾರೆ.

ದಿನ 4: ಪರೀಕ್ಷೆ

ಜೋಡಣೆಗಳಿಗೆ ಸೋಪುನೀರು ಹಚ್ಚಿದಾಗ ರೆಗ್ಯುಲೇಟರ್ ಬಳಿ ಗುಳ್ಳೆ ಎದ್ದಿತು. ಕ್ಲಿಪ್ ಬಿಗಿಗೊಳಿಸಿದ ಮೇಲೆ ನಿಂತಿತು. ಮೊದಮೊದಲು ಗೀಸರ್ ಹೊತ್ತಿಕೊಳ್ಳಲಿಲ್ಲ. ನೀರಿನ ಒತ್ತಡ ಸಾಲದು ಎಂದುಕೊಂಡರೆ, ತಣ್ಣೀರು ಒಳಬರುವ ಜಾಲರಿಯಲ್ಲಿ ಮರಳು ಕಟ್ಟಿತ್ತು.

ಬಾಕಿ: ಯುಟಿಲಿಟಿಗೆ ಹೊಂದಿಕೊಂಡ ಕೋಣೆಗೆ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಕೆಳಗಿನ ಮನೆಯಲ್ಲಿ ಗೀಸರ್ ಇನ್ನೂ ಬಚ್ಚಲೊಳಗೇ ಇದೆ. ಅದನ್ನು ಸರಿಸುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಹೊತ್ತು ಗಾಳಿಯಾಡಿಸಿದ ಮೇಲೆಯೇ ಸ್ನಾನ ಎಂದು ಹೇಳಿದ್ದಾಗಿದೆ. ಯಾರಾದರೂ ಕುಸಿದರೆ ಮೊದಲು ಹೊರಗೆಳೆದು, ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು ಎಂದು ಆಸ್ಪತ್ರೆಯಲ್ಲಿ ಹೇಳಲೇಬೇಕು, ಯಾಕೆಂದರೆ ಬೆರಳಿಗೆ ಹಾಕುವ ಆಕ್ಸಿಮೀಟರ್ ಈ ವಿಷದಲ್ಲೂ 98 ತೋರಿಸಬಹುದು.