ತಪ್ಪಿ ಬಂದ ಸಂದೇಶ, ತಡಮಾಡದ ಕರೆ

ಈ ವಾರ ಗೋಣಿಕೊಪ್ಪಲಿನ ಕಾಫಿ ವ್ಯಾಪಾರಿಯೊಬ್ಬರಿಂದ ನನ್ನ ವಾಟ್ಸ್‌ಆ್ಯಪ್‌ಗೆ ಒಂದು ಸಂದೇಶ ಬಂತು. ನಮ್ಮ ಪಕ್ಕದ ತೋಟದವರ ಹೆಸರು ಹೇಳಿ, "ಅವರ ಚೆರ್ರಿಯಲ್ಲಿ ತೇವ ಜಾಸ್ತಿ, ಔಟ್‌ಟರ್ನ್ 25 ದಾಟುವುದಿಲ್ಲ, ಕಡಿಮೆ ದರದಿಂದಲೇ ಶುರು ಮಾಡು" ಎಂದು ಬರೆದಿದ್ದರು. ಚೆರ್ರಿ ಎಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು; ಅಂಥ 50 ಕೆ.ಜಿ. ಚೆರ್ರಿಯಿಂದ ಸಿಗುವ ಬೀಜದ ತೂಕವೇ ಔಟ್‌ಟರ್ನ್. ಬೆಳೆಗಾರನ ಕೈಗೆ ಸೇರುವ ಹಣ ಅದರ ಮೇಲೆಯೇ ನಿಂತಿರುವುದರಿಂದ ಇದು ಹೊರಗೆ ಹೋಗಬಾರದ ಮಾತು. ಆ ವ್ಯಾಪಾರಿಯ ಗೋದಾಮು ನೋಡಿಕೊಳ್ಳುವವರ ಹೆಸರೂ ನನ್ನ ಹೆಸರೂ ಒಂದೇ.

ಕೆಲವೇ ಕ್ಷಣಗಳಲ್ಲಿ ಸಂದೇಶವಿದ್ದ ಜಾಗದಲ್ಲಿ ಅದನ್ನು ಅಳಿಸಲಾಗಿದೆ ಎಂಬ ಸೂಚನೆ ಉಳಿಯಿತು. ಆದರೆ ಪರದೆಯ ಮೇಲೆ ಮೂಡಿದಾಗಲೇ ನಾನು ಓದಿಬಿಟ್ಟಿದ್ದೆ. ಕಳುಹಿಸಿ ಎರಡು ದಿನಗಳಿಗಿಂತ ತುಸು ಹೆಚ್ಚು ಕಾಲದವರೆಗೆ ಎಲ್ಲರಿಗೂ ಕಾಣದಂತೆ ಅಳಿಸಲು ಅವಕಾಶವಿದ್ದರೂ, ಓದಿದ್ದನ್ನು ಅದು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಗಾಬರಿಯಲ್ಲಿ "ನನಗೆ ಮಾತ್ರ ಅಳಿಸು" ಎಂಬುದನ್ನು ಒತ್ತಿದರೆ ಸಂದೇಶ ನಮ್ಮ ಕಣ್ಣಿಗಷ್ಟೇ ಮರೆಯಾಗಿ ಪಡೆದವರ ಬಳಿ ಹಾಗೆಯೇ ಉಳಿಯುತ್ತದೆ; ಅದನ್ನು ರದ್ದುಮಾಡಲು ಸಿಗುವುದು ಕೆಲವೇ ಸೆಕೆಂಡು.

ಅಷ್ಟರಲ್ಲಿ ಆ ವ್ಯಾಪಾರಿಯ ಕರೆ ಬಂತು. "ಅಣ್ಣಾ, ಅದು ನಮ್ಮ ಗೋದಾಮಿನವನಿಗೆ ಬರೆದದ್ದು, ನಿಮಗೆ ಬಂತು. ಅಳಿಸಿದ್ದೇನೆ, ಆದರೆ ನೀವು ಓದಿರಬಹುದು. ಅವರ ವ್ಯವಹಾರ, ದಯವಿಟ್ಟು ನಿಮ್ಮಲ್ಲೇ ಇರಲಿ. ಅವರಿಗೆ ನಾನೇ ಹೇಳುತ್ತೇನೆ." ಇಷ್ಟೇ. ಈ ಮಾತುಗಳನ್ನು ನಾನು ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ಯಾರಿಗೆ ಬರೆದದ್ದೆಂದು ಹೇಳಿದರು, ನಾನು ಓದಿಲ್ಲವೆಂದು ನಟಿಸುವ ಕಷ್ಟವನ್ನು ನನಗೆ ಕೊಡಲಿಲ್ಲ, ಕೇಳಿದ್ದು ಒಂದೇ ಒಂದು ಉಪಕಾರ. ಉದ್ದುದ್ದ ಕ್ಷಮೆ ಕೇಳಿದ್ದರೆ ಅವರನ್ನು ಸಮಾಧಾನಪಡಿಸುವ ಕೆಲಸವೂ ನನ್ನ ಪಾಲಿಗೇ ಬರುತ್ತಿತ್ತು. ಹಿಂದೊಮ್ಮೆ ಮತ್ತೊಬ್ಬ ಏಜೆಂಟರು ಇಂಥದ್ದೇ ಸಂದೇಶ ಅಳಿಸಿ ಸುಮ್ಮನಾಗಿದ್ದರು. ಇಂದಿಗೂ ಅವರು ದರ ಹೇಳಿದಾಗ ನನಗೆ ಅನುಮಾನವೇ ಮೊದಲು ಬರುತ್ತದೆ.

ಎಲ್ಲಕ್ಕಿಂತ ದೊಡ್ಡದು ಅವರ ಕೊನೆಯ ವಾಕ್ಯ. ಇಂಥ ತಪ್ಪಿನಲ್ಲಿ ನಿಜವಾಗಿ ನೋಯುವವರು ಸಂದೇಶ ಪಡೆದವರಲ್ಲ, ಅದರಲ್ಲಿ ಹೆಸರು ಬಂದವರು. ಅವರಿಗೆ ಸುದ್ದಿ ಬೇರೆಯವರ ಬಾಯಿಂದ ತಲುಪಿದರೆ ಆಮೇಲೆ ಯಾವ ವಿವರಣೆಯೂ ನಿಲ್ಲುವುದಿಲ್ಲ.

ಕೊಡಗಿನಲ್ಲಿ ಒಂದೇ ಹೆಸರಿನವರು ಊರಿಗೊಬ್ಬರಂತೆ ಸಿಗುತ್ತಾರೆ; ಬೇರೆಯಾಗಿ ಗುರುತಿಸುವುದು ಒಕ್ಕದ, ಅಂದರೆ ಮನೆತನದ, ಹೆಸರು. ಮದುವೆ ಮನೆಯಲ್ಲಿ ಹೆಸರು ಮರೆತಾಗಲೂ "ತಾವು ಯಾವ ಒಕ್ಕ?" ಎಂದು ಕೇಳಿದರೆ ಯಾರಿಗೂ ಬೇಸರವಾಗದೆ ಮಾತು ಮುಂದುವರಿಯುತ್ತದೆ. ಫೋನಿನಲ್ಲಿ ಮಾತ್ರ ನಾವು ಬರಿಯ ಹೆಸರನ್ನು ಉಳಿಸಿಕೊಂಡಿರುತ್ತೇವೆ. ಆ ವ್ಯಾಪಾರಿ ಈಗ ಎಲ್ಲರ ಹೆಸರಿನ ಮುಂದೆ ಒಕ್ಕವನ್ನೂ ಸೇರಿಸಿದ್ದಾರಂತೆ.

ಪಕ್ಕದ ತೋಟದವರಿಗೆ ಅವರು ಅಂದು ಸಂಜೆಯೇ ಮನೆಗೆ ಹೋಗಿ ವಿಷಯ ತಿಳಿಸಿದರು. ಇವರು ಕೋಪಿಸಿಕೊಂಡರು, ಅದು ಸಹಜವೇ; ಆಮೇಲೆ ತಮ್ಮೆದುರೇ ತೇವವನ್ನು ಮತ್ತೊಮ್ಮೆ ಅಳೆಯಿಸಿದರು. ದರದ ಮಾತು ಇನ್ನೂ ನಡೆಯುತ್ತಿದೆ.